ಸಮ ಆದರೆ ಏನಂತೆ?

(ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅನುರಣನದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ರೆಸೊನೆನ್ಸ್ ಅಂದರೂ ಅದೇ. ನಾನು ಪಾಠ ಮಾಡುವುದಿಲ್ಲ, ಒಂದು ಕಥೆ ಹೇಳುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬಳ ಕಥೆ. ಅವಳ ಹೆಸರು ಬೇಡ, 'ಹುಡುಗಿ' ಅಂತಲೇ ಇರಲಿ. ಕಥೆಯಲ್ಲಿ ನಾನೂ ಬರುತ್ತೇನೆ, ಆದರೆ ನನ್ನದು ಅಷ್ಟೇನೂ ಒಳ್ಳೆಯ ಪಾತ್ರ ಅಲ್ಲ.

ಪರೀಕ್ಷೆಯಲ್ಲಿ 'ಅನುರಣನ ಎಂದರೇನು' ಅಂತ ಕೇಳಿದ್ದೆ. ಅವಳು ಬರೆದಿದ್ದಳು: 'ಹೊರಗಿನ ಬಲದ ಆವೃತ್ತಿಯು ವಸ್ತುವಿನ ಸಹಜ ಆವೃತ್ತಿಗೆ ಸಮನಾದಾಗ ಕಂಪನದ ಪಾರ ಗರಿಷ್ಠವಾಗುತ್ತದೆ.' ಸಹಜ ಆವೃತ್ತಿ ಅಂದರೆ ತನ್ನಷ್ಟಕ್ಕೆ ಬಿಟ್ಟರೆ ವಸ್ತು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದು, ಪಾರ ಅಂದರೆ ಅದು ನಡುವಿನಿಂದ ಎಷ್ಟು ದೂರ ಹೋಗುತ್ತದೆ ಅನ್ನುವುದು. ಒಂದಕ್ಷರ ತಪ್ಪಿಲ್ಲ. ಪೂರ್ತಿ ಅಂಕ ಕೊಟ್ಟೆ. ಉತ್ತರ ಪತ್ರಿಕೆ ಕೈಗೆ ಸಿಕ್ಕಿದ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅಂಕ ಕಡಿಮೆ ಆಗಿದೆ ಅಂತ ಬರುವವರನ್ನು ನೋಡಿದ್ದೇನೆ. ಇವಳದು ಬೇರೆ ತಕರಾರು.

"ಸರ್, ಸಮ ಆದರೆ ಏನಂತೆ? ಎರಡು ಸಂಖ್ಯೆ ಸಮ ಆಯ್ತು ಅಂತ ಕಂಪನ ಯಾಕೆ ಜಾಸ್ತಿ ಆಗಬೇಕು?"

ನಾನು ಎಲ್ಲ ಮೇಷ್ಟ್ರೂ ಮಾಡುವ ಕೆಲಸ ಮಾಡಿದೆ. ಸೀಮೆಸುಣ್ಣ ತೆಗೆದುಕೊಂಡು ಸಮೀಕರಣ ಬರೆದೆ. ಛೇದದಲ್ಲಿ ಎರಡು ಆವೃತ್ತಿಗಳ ವರ್ಗಗಳ ವ್ಯತ್ಯಾಸ ಇದೆ, ಎರಡೂ ಸಮ ಆದರೆ ಅದು ಸೊನ್ನೆ, ಛೇದ ಚಿಕ್ಕದಾದರೆ ಭಿನ್ನರಾಶಿ ದೊಡ್ಡದು, ನೋಡು, ಆಯ್ತಲ್ಲ ಅಂದೆ. ಅವಳು ಹಲಗೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದಳು, "ಛೇದ ಸೊನ್ನೆ ಆಗಿದೆ ಅಂತ ಆ ವಸ್ತುವಿಗೆ ಹೇಗೆ ಗೊತ್ತಾಗುತ್ತೆ ಸರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದರೆ, ಗಣಿತ ಇತ್ತು, ಉತ್ತರ ಇರಲಿಲ್ಲ. ಗಂಟೆ ಹೊಡೆದದ್ದು ನನ್ನ ಪುಣ್ಯ.

ಇನ್ನು ಉಯ್ಯಾಲೆಗೆ ಬರೋಣ. ಅವಳ ಅಕ್ಕನಿಗೆ ಒಬ್ಬ ಮಗ, ಆರು ವರ್ಷ. ಒಂದು ರಜಾದಿನ ಅವನನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗುವ ಕೆಲಸ ಅವಳ ಪಾಲಿಗೆ ಬಂತು. ಹುಡುಗ ಓಡಿ ಹೋಗಿ ಉಯ್ಯಾಲೆಯಲ್ಲಿ ಕುಳಿತ. ಇವಳು ಹಿಂದೆ ನಿಂತಳು. ಹುಡುಗನಿಗೆ ಸುಮ್ನೆ ಕೂರಲು ಬರುವುದಿಲ್ಲ, ಒಂದು ಹಾಡು ಶುರು ಮಾಡಿದ. ಇವಳೂ ದನಿ ಸೇರಿಸಿದಳು. ಹಾಡಿನ ಒಂದೊಂದು ಸಾಲು ಮುಗಿದಾಗಲೂ ಅವನ ಬೆನ್ನಿಗೆ ಮೆತ್ತಗೆ ಒಂದು ತಳ್ಳು. ತಾಳಕ್ಕೆ ಸರಿಯಾಗಿ, ಒಂದು ಚೂರೂ ತಪ್ಪದ ಹಾಗೆ.

ಉಯ್ಯಾಲೆ ಸ್ವಲ್ಪ ಏರಿತು. ಆಮೇಲೆ ಇಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ಒಂದಡಿಗಿಂತ ಆಚೆ ಹೋಗಲೇ ಇಲ್ಲ. ನಡುನಡುವೆ ಹುಡುಗನ ಬೆನ್ನು ಬಂದು ಅವಳ ಅಂಗೈಗೆ ಬಡಿಯುತ್ತಿತ್ತು, ಮಣಿಕಟ್ಟು ಚುರ್ ಅನ್ನುತ್ತಿತ್ತು. ಹಾಡು ನಿಲ್ಲಿಸಿ ಹುಡುಗ ಹಿಂದಕ್ಕೆ ತಿರುಗಿದ.

"ಚಿಕ್ಕೀ, ನೀನು ತಳ್ಳೋದು ಬಿಟ್ಟು ಹಿಡ್ಕೋತಿದ್ದೀಯ!"

ಈ ಕಥೆಯಲ್ಲಿ ಅನುರಣನದ ಬಗ್ಗೆ ಸರಿಯಾದ ಮಾತು ಮೊದಲು ಆಡಿದವನು ಅವನೇ. ನಾನಲ್ಲ.

ಹುಡುಗಿ ತಕ್ಷಣ 'ಇಲ್ಲವಲ್ಲ, ತಳ್ತಾನೇ ಇದ್ದೀನಿ' ಅಂದಳು. ಅಂದ ಮೇಲೆ ಅನುಮಾನ ಬಂತು. ಮಣಿಕಟ್ಟು ಬೇರೆ ನೋಯುತ್ತಿತ್ತು. ಫೋನ್ ತೆಗೆದು ಸ್ಟಾಪ್‌ವಾಚ್ ಹಾಕಿದಳು. ಹುಡುಗನಿಗೆ ಸುಮ್ಮನೆ ಕೂತಿರು ಅಂದು, ಒಂದೇ ಸಲ ತಳ್ಳಿ ಕೈ ತೆಗೆದಳು. ಹೋಗಿ ಮರಳಿ ಬರುವುದು ಸೇರಿ ಒಂದು ಜೀಕು ಅಂತ ಲೆಕ್ಕ. ಹತ್ತು ಜೀಕಿಗೆ 30 ಸೆಕೆಂಡ್. ಅಂದರೆ ಒಂದಕ್ಕೆ 3 ಸೆಕೆಂಡ್. ಒಂದೇ ಜೀಕನ್ನು ಅಳೆದರೆ ಗುಂಡಿ ಒತ್ತುವ ಬೆರಳಿನ ತಡವೇ ಲೆಕ್ಕ ಕೆಡಿಸುತ್ತದೆ, ಅದಕ್ಕೇ ಹತ್ತು ಅಳೆದು ಭಾಗಿಸಿದ್ದು. ಅಷ್ಟಾದರೂ ಪ್ರಯೋಗಶಾಲೆಯಲ್ಲಿ ಕಲಿತಿದ್ದಾಳೆ ಅಂತ ಕೇಳಿದಾಗ ನನಗೆ ಖುಷಿಯಾಯಿತು.

ಈ 3 ಸೆಕೆಂಡ್ ಎಲ್ಲಿಂದ ಬಂತು? ಲೋಲಕದ ಸೂತ್ರ ನಿಮಗೂ ನೆನಪಿರಬಹುದು, `T = 2π√(L/g)`. T ಒಂದು ಜೀಕಿನ ಹೊತ್ತು, L ಲೋಲಕದ ಉದ್ದ, g ಗುರುತ್ವದ ವೇಗೋತ್ಕರ್ಷ. ಮೇಲಿನ ಕೊಂಡಿಯಿಂದ ಕೂತ ಮಗುವಿನ ನಡುಭಾಗದವರೆಗೆ ಎರಡೂಕಾಲು ಮೀಟರ್ ಇದ್ದರೆ ಸರಿಸುಮಾರು 3 ಸೆಕೆಂಡ್ ಬರುತ್ತದೆ. ಸೂತ್ರದಲ್ಲಿ ತೂಕ ಇಲ್ಲ, ನೋಡಿ. ದಪ್ಪ ಹುಡುಗ ಕೂತರೂ ತೆಳ್ಳನೆಯ ಹುಡುಗ ಕೂತರೂ ಹೆಚ್ಚುಕಡಿಮೆ ಅದೇ 3 ಸೆಕೆಂಡ್.

ಆಮೇಲೆ ಹಾಡಿನ ಸಾಲು ಅಳೆದಳು. ಎರಡೂವರೆ ಸೆಕೆಂಡಿಗೆ ಒಂದು ಸಾಲು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಕಥೆಯ ಜೀವ ಇರುವುದು ಇಲ್ಲೇ. ಉಯ್ಯಾಲೆಯ ಲಯ 3 ಸೆಕೆಂಡ್, ಕೈಯ ಲಯ ಎರಡೂವರೆ. ಒಂದೊಂದು ತಳ್ಳಿಗೂ ಕೈ ಅರ್ಧ ಸೆಕೆಂಡ್ ಮುಂಚೆ ಬರುತ್ತದೆ. ಉಯ್ಯಾಲೆ ಆಗಲೇ ಸಣ್ಣಗೆ ಆಡುತ್ತಿದೆ, ಅದು ಎಲ್ಲೇ ಇದ್ದರೂ ಕೈಗೆ ಸಿಗುತ್ತದೆ ಅಂದುಕೊಳ್ಳಿ. ಮೊದಲ ತಳ್ಳು ಬಿದ್ದದ್ದು ಉಯ್ಯಾಲೆ ಅತ್ಯಂತ ಕೆಳಗೆ ಇದ್ದಾಗ, ಮುಂದಕ್ಕೆ ರಭಸದಿಂದ ಹೋಗುತ್ತಿರುವಾಗ. ಕೈಯೂ ಮುಂದಕ್ಕೆ, ಉಯ್ಯಾಲೆಯೂ ಮುಂದಕ್ಕೆ. ಲಾಭ.

ಎರಡನೆಯದು ಅರ್ಧ ಸೆಕೆಂಡ್ ಮುಂಚೆ ಬಿತ್ತು. ಉಯ್ಯಾಲೆ ಹಿಂದಿನ ತುದಿ ಮುಟ್ಟಿ ಆಗತಾನೆ ಮುಂದಕ್ಕೆ ಹೊರಟಿದೆ. ವೇಗ ಕಡಿಮೆ, ಆದರೂ ದಿಕ್ಕು ಸರಿ. ಸ್ವಲ್ಪ ಲಾಭ. ಮೂರನೆಯದು ಒಂದು ಸೆಕೆಂಡ್ ಮುಂಚೆ. ಉಯ್ಯಾಲೆ ಇನ್ನೂ ಹಿಂದಿನ ತುದಿ ಮುಟ್ಟಿಲ್ಲ, ಅವಳ ಕಡೆಗೇ ಬರುತ್ತಿದೆ. ಬರುವುದನ್ನು ತಳ್ಳಿದರೆ ಏನಾಗುತ್ತದೆ? ತಡೆಯುತ್ತದೆ. ಸ್ವಲ್ಪ ನಷ್ಟ. ನಾಲ್ಕನೆಯದು ಒಂದೂವರೆ ಸೆಕೆಂಡ್ ಮುಂಚೆ, ಅಂದರೆ ಅರ್ಧ ಜೀಕು. ಉಯ್ಯಾಲೆ ಕೆಳಗೇ ಇದೆ, ಆದರೆ ಪೂರ್ತಿ ರಭಸದಲ್ಲಿ ಹಿಂದಕ್ಕೆ ಬರುತ್ತಿದೆ. ಮಣಿಕಟ್ಟು ಚುರ್ ಅಂದದ್ದು ಇಲ್ಲೇ. ಮೊದಲ ತಳ್ಳು ಕೊಟ್ಟಷ್ಟನ್ನೂ ಇದು ಕಿತ್ತುಕೊಂಡಿತು. ಐದನೆಯದಕ್ಕೆ ಉಯ್ಯಾಲೆ ಮುಂದಿನ ತುದಿಯಿಂದ ಆಗತಾನೆ ಹಿಂದಕ್ಕೆ ತಿರುಗಿದೆ, ಮತ್ತೆ ಸ್ವಲ್ಪ ನಷ್ಟ. ಆರನೆಯದಕ್ಕೆ ಅದು ಮುಂದಕ್ಕೆ ಹೋಗುತ್ತಿದೆ, ಸ್ವಲ್ಪ ಲಾಭ. ಏಳನೆಯದು ಮೊದಲನೆಯದರ ಹಾಗೆಯೇ.

ಆರು ತಳ್ಳು, 15 ಸೆಕೆಂಡ್. ಅಷ್ಟರಲ್ಲಿ ಉಯ್ಯಾಲೆಯ ಐದು ಜೀಕು. ಮೂರು ತಳ್ಳು ಕೊಟ್ಟವು, ಮೂರು ತಳ್ಳು ಕಿತ್ತುಕೊಂಡವು. ಕೂಡಿ ಕಳೆದರೆ ಸೊನ್ನೆ. 15 ಸೆಕೆಂಡಿಗೊಮ್ಮೆ ಉಯ್ಯಾಲೆ ಏರಿ ಇಳಿಯುತ್ತಿದ್ದುದು ಇದಕ್ಕೇ.

ಅವಳು ಉದ್ಯಾನದ ಬೆಂಚಿನ ಮೇಲೆ ಕೂತು ಫೋನಿನಲ್ಲೇ ಈ ಲೆಕ್ಕ ಬರೆದಳಂತೆ. ಹುಡುಗ ಪಕ್ಕದಲ್ಲಿ 'ಚಿಕ್ಕೀ, ಬಾ' ಅಂತ ಎಳೆಯುತ್ತಿದ್ದ. ನಾಲ್ಕನೆಯ ತಳ್ಳಿಗೆ ಬಂದಾಗ ಬೆರಳು ನಿಂತಿತು. 'ಸಮ ಆದರೆ ಏನಂತೆ' ಅನ್ನುವ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಸಮ ಆದದ್ದಕ್ಕೆ ಯಾವ ಮಾಯೆಯೂ ನಡೆಯುವುದಿಲ್ಲ. ಸಮ ಆದರೆ ಅರ್ಧ ಸೆಕೆಂಡಿನ ಆ ಜಾರುವಿಕೆ ಇರುವುದಿಲ್ಲ, ಅಷ್ಟೇ. ಮೊದಲ ತಳ್ಳು ಲಾಭದ್ದಾಗಿದ್ದರೆ ಎರಡನೆಯದೂ ಲಾಭದ್ದೇ, ನೂರನೆಯದೂ ಲಾಭದ್ದೇ. ಕಿತ್ತುಕೊಳ್ಳುವ ತಳ್ಳು ಬರುವುದೇ ಇಲ್ಲ. ಛೇದ ಸೊನ್ನೆ ಆದದ್ದು ವಸ್ತುವಿಗೆ ಗೊತ್ತಾಗಬೇಕಾಗಿಲ್ಲ. ಒಂದೊಂದು ತಳ್ಳು ಬಿದ್ದಾಗಲೂ ತಾನು ಯಾವ ಕಡೆಗೆ ಹೋಗುತ್ತಿದ್ದೆ ಅನ್ನುವುದಷ್ಟೇ ಅದರ ಪಾಲಿಗೆ ಮುಖ್ಯ.

ಎದ್ದು ಬಂದವಳು ಹಾಡು ಬಿಟ್ಟಳು. ಉಯ್ಯಾಲೆಯನ್ನೇ ನೋಡುತ್ತಾ, ಅದು ಹಿಂದಿನ ತುದಿಯಿಂದ ತಿರುಗಿದ ಕೂಡಲೇ ತಳ್ಳತೊಡಗಿದಳು. ಇನ್ನು ಏರಿದ್ದೇ ಏರಿದ್ದು.

ಎಷ್ಟು ಏರಿತು ಅನ್ನುವುದಕ್ಕೂ ಒಂದು ಲೆಕ್ಕ ಹಾಕಬಹುದು. ಹುಡುಗನ ತೂಕ 20 ಕಿಲೋ. ಅವಳ ತಳ್ಳು ಸುಮಾರು 30 ನ್ಯೂಟನ್, ಅಂದರೆ ಮೂರು ಕಿಲೋ ಸಾಮಾನನ್ನು ಎತ್ತಿ ಹಿಡಿಯಲು ಬೇಕಾದಷ್ಟು. ಕೈ ಬೆನ್ನಿಗೆ ಅಂಟಿಕೊಂಡು 40 ಸೆಂಟಿಮೀಟರ್ ಜೊತೆಗೆ ಸಾಗಿತು ಅಂದುಕೊಳ್ಳಿ. ಒಂದು ತಳ್ಳಿಗೆ 12 ಜೂಲ್ ಶಕ್ತಿ ಸಂದಾಯ ಆಯಿತು. 20 ಕಿಲೋ ಹುಡುಗನನ್ನು 12 ಜೂಲ್ ಎಷ್ಟು ಎತ್ತುತ್ತದೆ? ಆರು ಸೆಂಟಿಮೀಟರ್. ಅಷ್ಟೇ. ಒಂದೇ ತಳ್ಳಿಗೆ ಯಾರೂ ಕಿರುಚಿ ಕುಣಿಯುವಂಥದ್ದಲ್ಲ.

ಆದರೆ ಮುಂದಿನ ತಳ್ಳು ಬರುವಾಗ ಹಿಂದಿನ 12 ಜೂಲ್ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಅದರ ಮೇಲೆ ಇನ್ನೊಂದು 12. ಹತ್ತು ತಳ್ಳು ಆಗುವ ಹೊತ್ತಿಗೆ ಹುಡುಗ 40 ಸೆಂಟಿಮೀಟರ್ ಮೇಲೆ ಹೋಗುತ್ತಿದ್ದ. ಇಪ್ಪತ್ತಕ್ಕೆ 50 ದಾಟಿತು. ಆಮೇಲೆ ಏರಿಕೆ ನಿಧಾನವಾಯಿತು. 60ರ ಆಸುಪಾಸಿನಲ್ಲಿ ನಿಂತೇಬಿಟ್ಟಿತು. "ಇನ್ನೂ ಮೇಲೆ, ಇನ್ನೂ ಮೇಲೆ" ಅಂತ ಹುಡುಗ ಕೂಗಿದ. ಇವಳು ಅಷ್ಟೇ ಬಲದಿಂದ, ಅಷ್ಟೇ ಸರಿಯಾದ ಹೊತ್ತಿಗೆ ತಳ್ಳುತ್ತಲೇ ಇದ್ದಳು. ಉಯ್ಯಾಲೆ ಜಪ್ಪಯ್ಯ ಅನ್ನಲಿಲ್ಲ.

ಇಲ್ಲಿ ಅವಳಿಗೆ ನಾನು ಬರೆದ ಸಮೀಕರಣ ನೆನಪಾಗಿ ಸಿಟ್ಟು ಬಂತಂತೆ. ಛೇದ ಸೊನ್ನೆ ಆದರೆ ಪಾರ ಅನಂತ ಆಗಬೇಕಿತ್ತು, ಅಲ್ವಾ? ತಪ್ಪು ನನ್ನದೇ. ಅವಸರದಲ್ಲಿ ನಾನು ಆ ಛೇದದ ಇನ್ನೊಂದು ಪದವನ್ನು ಬಿಟ್ಟಿದ್ದೆ. ಆ ಪದಕ್ಕೆ ಡ್ಯಾಂಪಿಂಗ್ ಅಂತ ಹೆಸರು. ಗಾಳಿಯ ತಡೆ, ಕೊಂಡಿಯ ಉಜ್ಜಾಟ, ಇಂಥವುಗಳಿಂದ ಸೋರಿಹೋಗುವ ಶಕ್ತಿಯ ಲೆಕ್ಕ ಅದು.

ಎಷ್ಟು ಸೋರುತ್ತದೆ ಅಂತ ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ, ಅವಳು ಅದನ್ನೇ ಮಾಡಿದಳು. ಕೈ ತೆಗೆದು ಎಣಿಸಿದಳು. ಉಯ್ಯಾಲೆ ಅತ್ತಿತ್ತ ಹೋಗುವ ದೂರ ಅರ್ಧಕ್ಕೆ ಇಳಿಯಲು 13 ಜೀಕು ಬೇಕಾಯಿತು. ದೂರ ಅರ್ಧ ಆದರೆ ಶಕ್ತಿ ಕಾಲು ಭಾಗ. 13 ಜೀಕಿಗೆ ಕಾಲು ಭಾಗ ಉಳಿಯಬೇಕಾದರೆ ಒಂದೊಂದು ಜೀಕಿಗೆ ಸುಮಾರು ಹತ್ತನೇ ಒಂದು ಭಾಗ ಸೋರಬೇಕು. ಈಗ ನೋಡಿ, ಉಯ್ಯಾಲೆಯಲ್ಲಿ 12 ಜೂಲ್ ಇದ್ದಾಗ ಸೋರುವುದು ಒಂದು ಜೂಲ್ ಚಿಲ್ಲರೆ. 60 ಇದ್ದಾಗ 6. 120 ಆದಾಗ 12. ಅವಳು ಕೊಡುವುದೂ 12. ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ. ನೀರು ಏರಿದಷ್ಟೂ ತೂತಿನಿಂದ ಬೀಳುವ ಧಾರೆ ಜೋರು. ಬೀಳುವುದೂ ಹೊಯ್ಯುವುದೂ ಒಂದೇ ಆದಾಗ ಮಟ್ಟ ನಿಂತಿತು. 20 ಕಿಲೋಗೆ 120 ಜೂಲ್ ಅಂದರೆ 61 ಸೆಂಟಿಮೀಟರ್ ಎತ್ತರ. ಹೊರಗೆ ಕಂಡದ್ದೂ ಅದೇ. (ನಿಜದಲ್ಲಿ ಎತ್ತರ ಹೆಚ್ಚಿದಂತೆ ಗಾಳಿ ಇನ್ನೂ ಜಾಸ್ತಿ ಕಿತ್ತುಕೊಳ್ಳುತ್ತದೆ. ಆದರೂ ಅಂದಾಜಿಗೆ ಈ ಲೆಕ್ಕ ಸಾಕು.)

ಸೋರಿಕೆ ಬೇಕೆಂದೇ ಹೆಚ್ಚಿಸಿದರೆ? ಹುಡುಗ ಅದನ್ನೂ ತೋರಿಸಿದ, ಚಪ್ಪಲಿ ನೆಲಕ್ಕೆ ಉಜ್ಜುತ್ತಾ. ಆಗ ಸರಿಯಾದ ಹೊತ್ತಿಗೆ ತಳ್ಳಿದರೂ ಉಯ್ಯಾಲೆ ಮೇಲೇಳಲಿಲ್ಲ. ಇನ್ನೊಂದು ಸಂಗತಿಯನ್ನು ಅವಳು ಗಮನಿಸಿದಳು. ಕಾಲು ಉಜ್ಜುವಾಗ ತಳ್ಳು ಹಿಂದೆಮುಂದೆ ಆದರೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಹಳೆಯ ತಳ್ಳುಗಳನ್ನು ಉಯ್ಯಾಲೆ ಬೇಗ ಮರೆಯುತ್ತದೆ. ನೆನಪೇ ಇಲ್ಲದ ಮೇಲೆ ಹಳೆಯ ತಳ್ಳಿಗೂ ಹೊಸ ತಳ್ಳಿಗೂ ಜಗಳ ಆಗುವುದಾದರೂ ಹೇಗೆ? ಸೋರಿಕೆ ಕಡಿಮೆ ಇರುವ ಉಯ್ಯಾಲೆಯೇ ಲಯದ ವಿಷಯದಲ್ಲಿ ಹಠಮಾರಿ. ಅದು ಎತ್ತರಕ್ಕೂ ಏರುತ್ತದೆ, ಸಣ್ಣ ತಪ್ಪನ್ನೂ ಸಹಿಸುವುದಿಲ್ಲ.

ಆಟ ಮುಗಿಸುವಾಗ ಒಂದು ಪೆಟ್ಟು ಬಿತ್ತು. ಸಾಕು ಮನೆಗೆ ಹೋಗೋಣ ಅಂತ ಎದುರು ನಿಂತು ಉಯ್ಯಾಲೆಯನ್ನು ಒಂದೇ ಸಲಕ್ಕೆ ಹಿಡಿಯಲು ಹೋದಳು. ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡು ಹೋಗಿ ಕೂರಿಸಿತು. 120 ಜೂಲನ್ನು 40 ಸೆಂಟಿಮೀಟರಿನಲ್ಲಿ ನಿಲ್ಲಿಸಬೇಕಾದರೆ 300 ನ್ಯೂಟನ್ ಬೇಕು. ಅವಳ ಒಂದು ತಳ್ಳಿನ ಹತ್ತರಷ್ಟು. ಇದೇ ಮಾತನ್ನು ಗೆಲಿಲಿಯೊ 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಗಂಟೆಯ ಉದಾಹರಣೆ ಕೊಟ್ಟು ಹೇಳುತ್ತಾನೆ. ಒಬ್ಬನೇ ಮನುಷ್ಯ ಹೊತ್ತು ನೋಡಿ ಹಗ್ಗ ಎಳೆಯುತ್ತಾ ದೊಡ್ಡ ಗಂಟೆಯನ್ನು ಆಡಿಸುತ್ತಾನೆ. ಆಮೇಲೆ ಅದನ್ನು ನಿಲ್ಲಿಸಲು ನಾಲ್ಕು, ಆರು ಜನ ಹಗ್ಗ ಹಿಡಿದರೆ ಅವರನ್ನೇ ಅದು ನೆಲದಿಂದ ಮೇಲೆತ್ತುತ್ತದೆ.

ಮರುದಿನ ಬೆಳಿಗ್ಗೆ ತರಗತಿಗೆ ಮೊದಲೇ ನನ್ನ ಮುಂದೆ ಹಾಜರಾದಳು. ಲೆಕ್ಕ ಎಲ್ಲ ತೋರಿಸಿದಳು. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದ ಇನ್ನೊಂದು ಸಾಲಿಗೂ ಅರ್ಥ ಸಿಕ್ಕಿದೆ ಅಂದಳು: 'ಅನುರಣನದಲ್ಲಿ ಸ್ಥಾನವು ಬಲಕ್ಕಿಂತ 90 ಡಿಗ್ರಿ ಹಿಂದಿರುತ್ತದೆ.' ವರ್ಷಗಟ್ಟಲೆ ನಾನೂ ಅದನ್ನು ಓದಿ ಹೇಳಿದ್ದೆ. ಅವಳು ಹೇಳಿದ್ದು ಹೀಗೆ. ತಳ್ಳು ಪೂರ್ತಿ ದಕ್ಕುವುದು ವೇಗ ಹೆಚ್ಚಿರುವಲ್ಲಿ, ಅಂದರೆ ಉಯ್ಯಾಲೆ ಅತ್ಯಂತ ಕೆಳಗಿರುವಾಗ. ಆ ಗಳಿಗೆಯಿಂದ ಅದು ಮುಂದಿನ ತುದಿ ಮುಟ್ಟಲು ಮುಕ್ಕಾಲು ಸೆಕೆಂಡ್ ಬೇಕು. ಮೂರು ಸೆಕೆಂಡಿನಲ್ಲಿ ಮುಕ್ಕಾಲು ಅಂದರೆ ಕಾಲು ಜೀಕು. ಒಂದು ಜೀಕಿಗೆ 360 ಡಿಗ್ರಿ ಅಂತ ಲೆಕ್ಕ ಹಾಕಿದರೆ ಕಾಲು ಜೀಕಿಗೆ 90. ಕೈ ಮುಂಚೆ, ಉಯ್ಯಾಲೆಯ ತುದಿ ಕಾಲು ಜೀಕು ತಡ.

"ಮತ್ತೆ ಎಲ್ಲರೂ ಹಿಂದಿನ ತುದಿಯಲ್ಲಿ ಯಾಕೆ ತಳ್ತಾರೆ?" ಅಂತ ನಾನು ಕೆಣಕಿದೆ.

"ಕೆಳಗಿರೋವಾಗ ತಳ್ಳೋಕೆ ಹೋದ್ರೆ ವಾಪಸ್ ಬರುವಾಗ ಮುಖಕ್ಕೇ ಬಡಿಯುತ್ತೆ ಸರ್," ಅಂದಳು.

ಇಷ್ಟಕ್ಕೆ ಬಿಟ್ಟಿದ್ದರೆ ನಾನು ಒಳ್ಳೆಯವನಾಗುತ್ತಿದ್ದೆ. ಆದರೆ ಮೇಷ್ಟ್ರ ಬುದ್ಧಿ ಬಿಡುತ್ತದೆಯೇ? ಒಂದು ಮಾತು ಎಸೆದೆ. "ಹಾಡಿನ ತಾಳಕ್ಕೆ ತಳ್ಳಿದೆಯಲ್ಲ, ಪಾಠದಲ್ಲಿರೋದು ಅದು ಕಣಮ್ಮ. ಹೊರಗಿನ ಬಲಕ್ಕೆ ತನ್ನದೇ ಗಡಿಯಾರ ಇರುತ್ತೆ. ಆಮೇಲೆ ನೀನು ಉಯ್ಯಾಲೆ ನೋಡ್ಕೊಂಡು ತಳ್ಳಿದೆ. ಆಗ ಗಡಿಯಾರ ಯಾರದು?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಯ್ಯಾಲೆಯದ್ದೇ" ಅಂದಳು.

ಇದು ಬರೀ ಮಾತಿನ ಜಗಳ ಅಂತ ನಿಮಗೂ ಅನಿಸಬಹುದು. ಅಲ್ಲ. ಇದನ್ನು ಉಯ್ಯಾಲೆಯಲ್ಲೇ ಪರೀಕ್ಷೆ ಮಾಡಬಹುದು. ಆ ವಾರವೇ ಅವಳು ಮತ್ತೆ ಹೋದಳು. ಫೋನಿನಲ್ಲಿ 3 ಸೆಕೆಂಡಿಗೊಮ್ಮೆ ಸದ್ದು ಬರುವ ಹಾಗೆ ಇಟ್ಟಳು. ಕಣ್ಣು ಮುಚ್ಚಿ, ಸದ್ದು ಕೇಳಿದಾಗ ಮಾತ್ರ ತಳ್ಳುವುದು. ಮೊದಲು ಎಲ್ಲ ಸರಿಯಾಗಿಯೇ ಇತ್ತು, ಉಯ್ಯಾಲೆ ಚೆನ್ನಾಗಿ ಏರಿತು. ಸ್ವಲ್ಪ ಎತ್ತರಕ್ಕೆ ಹೋದ ಮೇಲೆ ಹುಡುಗನ ಬೆನ್ನು ಮತ್ತೆ ಅಂಗೈಗೆ ಬಡಿಯತೊಡಗಿತು. ಲಯ ಬದಲಾಗಿಲ್ಲ, ಫೋನು ಸರಿಯಾಗಿದೆ. ಹಾಗಾದರೆ ತಪ್ಪಿದ್ದು ಯಾರು?

ತಪ್ಪಿದ್ದು ಉಯ್ಯಾಲೆ. ಲೋಲಕದ ಆ ಸೂತ್ರ ನಿಜವಾಗಿರುವುದು ಸಣ್ಣ ಓಲಾಟಕ್ಕೆ ಮಾತ್ರ. ಓಲಾಟ ದೊಡ್ಡದಾದಷ್ಟೂ ಜೀಕು ನಿಧಾನ. ನೆಟ್ಟಗಿನ ಗೆರೆಯಿಂದ 30 ಡಿಗ್ರಿ ಹೋದರೆ 3 ಸೆಕೆಂಡಿನ ಜೀಕು 3.05 ಆಗುತ್ತದೆ. 60 ಸೆಂಟಿಮೀಟರ್ ಎತ್ತರ ಅಂದರೆ ಸುಮಾರು 43 ಡಿಗ್ರಿ. ಅಲ್ಲಿ 3.11. ನೂರನೇ ಒಂದು ಸೆಕೆಂಡುಗಳ ಲೆಕ್ಕ, ಏನು ಮಹಾ ಅನ್ನಬೇಡಿ. ಪ್ರತಿ ಜೀಕಿಗೆ 0.05 ಅಂದರೆ ಹತ್ತು ಜೀಕಿಗೆ ಅರ್ಧ ಸೆಕೆಂಡ್. ಹಾಡು ಹಾಡುವಾಗ ಒಂದೇ ತಳ್ಳಿಗೆ ಆಗುತ್ತಿದ್ದ ತಪ್ಪು ಇಲ್ಲಿ ಹತ್ತು ತಳ್ಳಿನಲ್ಲಿ ಕೂಡಿಕೊಂಡಿತು, ಅಷ್ಟೇ ವ್ಯತ್ಯಾಸ. ಕಣ್ಣು ಬಿಟ್ಟು ತಳ್ಳಿದಾಗ ಈ ತೊಂದರೆ ಬರುವುದಿಲ್ಲ. ಉಯ್ಯಾಲೆ ನಿಧಾನ ಆದರೆ ಕೈಯೂ ತಾನಾಗಿ ನಿಧಾನ ಆಗುತ್ತದೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಈ ವ್ಯತ್ಯಾಸ ನನಗೆ ಯಾಕೆ ಅಷ್ಟು ಮುಖ್ಯ ಅಂದರೆ, ಅನುರಣನ ಅಂದ ಕೂಡಲೇ ಎಲ್ಲರೂ ತೋರಿಸುವ ಒಂದು ಸೇತುವೆ ಇದೆ. ಅಮೆರಿಕದ ಟಕೋಮಾ ನ್ಯಾರೋಸ್ ಸೇತುವೆ. 1940ರ ಜುಲೈನಲ್ಲಿ ತೆರೆದದ್ದು, ಅದೇ ವರ್ಷ ನವೆಂಬರ್ 7ರಂದು ಗಾಳಿಗೆ ಸಿಕ್ಕಿ ತಿರುಚಿಕೊಂಡು ಕುಸಿದು ಬಿತ್ತು. ಆ ಚಲನಚಿತ್ರದ ತುಣುಕನ್ನು ನಾನೂ ತರಗತಿಯಲ್ಲಿ ಹಾಕಿ, 'ನೋಡಿ, ಇದೇ ಅನುರಣನ' ಅಂತ ಹೇಳುತ್ತಿದ್ದವನೇ. ಈಗ ಹೇಳುವುದಿಲ್ಲ. ಅವತ್ತು ಬೀಸಿದ್ದು ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗದ ಗಾಳಿ. ಸೇತುವೆ ತಿರುಚಿಕೊಳ್ಳುತ್ತಿದ್ದುದು ಸರಿಸುಮಾರು 5 ಸೆಕೆಂಡಿಗೊಮ್ಮೆ. ಗಾಳಿ 5 ಸೆಕೆಂಡಿಗೊಮ್ಮೆ ನಿಂತು ನಿಂತು ಬೀಸಿತೇ? ಇಲ್ಲ. ಗಾಳಿಯಲ್ಲಿ ಅಂಥ ಗಡಿಯಾರ ಇರಲಿಲ್ಲ. ಸೇತುವೆ ತಿರುಚಿದಾಗ ಗಾಳಿ ಅದರ ಮೇಲೆ ಹರಿಯುವ ರೀತಿಯೇ ಬದಲಾಗುತ್ತಿತ್ತು. ಆ ಬದಲಾವಣೆಯಿಂದಲೇ ತಳ್ಳು ಹುಟ್ಟುತ್ತಿತ್ತು. ಯಾವಾಗ ತಳ್ಳಬೇಕು ಅನ್ನುವುದನ್ನು ಸೇತುವೆಯ ಚಲನೆಯೇ ಗೊತ್ತುಮಾಡುತ್ತಿತ್ತು. ಎಂಜಿನಿಯರುಗಳು ಇದನ್ನು ಫ್ಲಟರ್ ಅನ್ನುತ್ತಾರೆ. ಕಣ್ಣು ಮುಚ್ಚಿ ಫೋನಿನ ಸದ್ದಿಗೆ ತಳ್ಳಿದ ಹುಡುಗಿಗಿಂತ, ಕಣ್ಣು ಬಿಟ್ಟು ಉಯ್ಯಾಲೆ ನೋಡುತ್ತಾ ತಳ್ಳಿದ ಹುಡುಗಿಗೆ ಆ ಗಾಳಿ ಹತ್ತಿರ.

ಹಾಗಂತ ಎರಡೂ ಸಂಬಂಧವೇ ಇಲ್ಲದವು ಅಂತಲ್ಲ. ಎರಡರಲ್ಲೂ ಶಕ್ತಿ ಏರುವುದು ಒಂದೇ ಕಾರಣಕ್ಕೆ: ತಳ್ಳುವ ಕಡೆಗೇ ವಸ್ತು ಹೋಗುತ್ತಿದೆ. ಆದರೆ ಒಂದನ್ನು ತಪ್ಪಿಸಲು ಗಡಿಯಾರವನ್ನು ಬದಲಾಯಿಸಿದರೆ ಸಾಕು. ಇನ್ನೊಂದಕ್ಕೆ ಬದಲಾಯಿಸಲು ಗಡಿಯಾರವೇ ಇಲ್ಲ. ಆಗ ಸೇತುವೆಯ ಆಕಾರವನ್ನೋ ಬಿಗಿಯನ್ನೋ ಬದಲಾಯಿಸಬೇಕು, ಇಲ್ಲವೇ ಸೋರಿಕೆ ಹೆಚ್ಚಿಸಬೇಕು. ಟಕೋಮಾದಲ್ಲಿ 1950ರಲ್ಲಿ ಮತ್ತೆ ಕಟ್ಟಿದ ಸೇತುವೆಯನ್ನು ಹೆಚ್ಚು ಬಿಗಿಯಾಗಿ, ಗಾಳಿ ನಡುವೆ ನುಸುಳಿ ಹೋಗುವ ಹಾಗೆ ಜಾಲರಿಯಂಥ ತೊಲೆಗಳನ್ನು ಬಳಸಿ ಕಟ್ಟಿದರು.

ಹುಡುಗಿ ಇದನ್ನೆಲ್ಲ ಕೇಳಿಸಿಕೊಂಡಳು. ನನ್ನ ತುಣುಕು ಚಿತ್ರ ನೋಡಿದಳು. ಒಪ್ಪಿದಳು ಅಂತಲೇ ನಾನು ಅಂದುಕೊಂಡೆ.

ಮತ್ತೆ ಒಂದು ತಿಂಗಳು ಕಳೆದಿರಬೇಕು. ಬಾಗಿಲಲ್ಲಿ ಅದೇ ಮುಖ.

"ಸರ್, ಅವನು ಈಗ ನನ್ನನ್ನ ತಳ್ಳೋಕೇ ಬಿಡ್ತಿಲ್ಲ. ಉಯ್ಯಾಲೆ ಮೇಲೆ ನಿಂತ್ಕೋತಾನೆ. ತುದೀಲಿ ಕುಕ್ಕರು ಕೂರ್ತಾನೆ, ಕೆಳಗೆ ಬಂದಾಗ ಎದ್ದು ನಿಲ್ತಾನೆ. ಆ ತುದೀಲಿ ಮತ್ತೆ ಕೂರ್ತಾನೆ, ಕೆಳಗೆ ಮತ್ತೆ ಏಳ್ತಾನೆ. ಯಾರೂ ತಳ್ಳೋದೇ ಬೇಡ, ತಾನೇ ಏರ್ತಾ ಹೋಗುತ್ತೆ."

"ಹೂಂ, ಗೊತ್ತು."

"ಎಣಿಸಿದೆ ಸರ್. ಒಂದು ಜೀಕಿಗೆ ಎರಡು ಸಲ ಏಳ್ತಾನೆ. ಉಯ್ಯಾಲೆಗೆ ಮೂರು ಸೆಕೆಂಡ್, ಅವನಿಗೆ ಒಂದೂವರೆ. ಸಮ ಎಲ್ಲಿ ಆಯ್ತು?"

ನಾನು ಸೀಮೆಸುಣ್ಣಕ್ಕೆ ಕೈ ಹಾಕಿದೆ. ಆಮೇಲೆ ಅದನ್ನು ಅಲ್ಲೇ ಇಟ್ಟು, ಉದ್ಯಾನ ಎಷ್ಟು ದೂರ ಅಂತ ಕೇಳಿದೆ.